ಕ್ಯಾಸೆಟ್ಟಿನ ಸೋಮವ್ವ

ಬೀಳಗಿ
೧೦ ಮಾರ್ಚ್ ೨೦೨೬, ಮಂಗಳವಾರ

ಮಗಳಿಗಿಂತ ಹೆಚ್ಚಾದ ಮೊಮ್ಮಗಳು ರಂಜನಾಳಿಗೆ, ನಿನ್ನ ಆಯಿ ಸೋಮವ್ವ ಮಾಡುವ ಆಶೀರ್ವಾದ. ನಾನು ಗಟ್ಟಿಯಾಗಿದ್ದೇನೆ. ಮೊಣಕಾಲು ಗಟ್ಟಿಯಿಲ್ಲ, ಅದನ್ನು ಕೇಳಬೇಡ. ಬೀರೇಶ್ವರ ನಿನ್ನನ್ನೂ ನಿನ್ನ ಗಂಡ ಮಹಾಲಿಂಗನನ್ನೂ ತಣ್ಣಗೆ ಇಟ್ಟಿರಲಿ.

ಹತ್ತು ದಿನದ ಕೆಳಗೆ ಕೊಡಬೇಕಾದ ಕಾಗದ ಇದು. ಮುನಿಸಿಕೊಳ್ಳಬೇಡ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳಿಗೆ ಇಷ್ಟುದ್ದ ಬರೆಯಲು ಹಚ್ಚಿದವಳು ನೀನೇ. "ಆಯಿ, ಪರದಿ ಮ್ಯಾಲೆ ತೋರಸೂ ಫೋಟೋಕ್ಕ ಹಾಡು ನೀನ ಆರಿಸು. ಯಾವ ಫೋಟೋಕ್ಕ ಯಾವ ಹಾಡು, ಯಾಕ ಅಂತ ಒಂದು ಹಾಳ್ಯಾಗ ಬರದು ಕೊಡು, ಆರತಕ್ಷತಿ ದಿನ ಮೈಕಿನ್ಯಾಗ ಓದಸ್ತೇನಿ" ಅಂತ ಫೋನಿನಲ್ಲಿ ಹೇಳಿ ಇಟ್ಟುಬಿಟ್ಟೆ. ನಾನು ಅದು ಒಂದು ದಿನದ ಕೆಲಸ ಅಂದುಕೊಂಡೆ. ಬನಹಟ್ಟಿಗೆ ಮೂರು ಸಲ ಹೋಗಿ ಬಂದೆ. ಬೀಳಗಿಯಿಂದ ಜಮಖಂಡಿ, ಜಮಖಂಡಿಯಲ್ಲಿ ಬಸ್ಸು ಬದಲಿಸಿ ಬನಹಟ್ಟಿ. ಮೂರೂ ಸಲ ನಿಂತೇ ಹೋದೆ. ಹೆಂಗಸರಿಗೆ ಬಸ್ಸು ಪುಕ್ಕಟೆ ಆದಾಗಿನಿಂದ ಸೀಟು ಸಿಗುವುದು ಸ್ವರ್ಗ ಸಿಕ್ಕ ಹಾಗೆ.

ಬನಹಟ್ಟಿಯೇ ಯಾಕೆ ಅಂತ ನಿನ್ನ ಅವ್ವ ಮಾಯಾ ಕೂಡ ಕೇಳಿದಳು. ಜಮಖಂಡಿಯ ನಾಲ್ಕು ಸ್ಟುಡಿಯೋದಲ್ಲಿ ನನ್ನ ಹಾಡಿನ ಹಳೆಯ ಕ್ಯಾಸೆಟ್ ತೋರಿಸಿದೆ. ಒಬ್ಬ ಹುಡುಗ ಅದನ್ನು ತಿರುವಿ ತಿರುವಿ ನೋಡಿ, "ಅಜ್ಜಿ, ಇದನ್ನ ಎಲ್ಲಿ ಚುಚ್ಚಬೇಕು?" ಅಂದ. ಇನ್ನೊಬ್ಬ ತನ್ನ ಮಷೀನನ್ನು ಮೋಡಕಾ ಕೊಳ್ಳುವ ಗುಜರಿಯವನಿಗೆ ಹಾಕಿದ್ದನಂತೆ. ಕೊನೆಗೆ ಬನಹಟ್ಟಿಯ ಜ್ಞಾನೇಶ್ವರನ ಹತ್ತಿರ ಓಡುವ ಕ್ಯಾಸೆಟ್ ಮಷೀನು ಇದೆ ಅಂತ ತಿಳಿಯಿತು. ನಿನ್ನ ಫೋಟೋಗಳನ್ನೂ ಅವನಿಗೇ ಕಳಿಸು ಅಂದೆ, ನೀನು ಸಾವಿರದ ನೂರು ಫೋಟೋ ಕಳಿಸಿದೆ. ಅವನು ತಲೆ ಮೇಲೆ ಕೈ ಹೊತ್ತು, "ಆಯಿ, ಇದನ್ನೆಲ್ಲಾ ತೋರಿಸಿದ್ರ ಮಂದಿ ಊಟಾ ಬಿಟ್ಟು ಊರಿಗೆ ಹೋಗ್ತಾರ" ಅಂದ. ಹತ್ತು ನಿಮಿಷಕ್ಕಿಂತ ಹೆಚ್ಚು ಯಾರೂ ಕೂತು ನೋಡುವುದಿಲ್ಲವಂತೆ. ಸಾವಿರದಿಂದ ನೂರಕ್ಕೆ ಇಳಿಸುವಷ್ಟರಲ್ಲಿ ನನ್ನ ಕಣ್ಣು ಹೋದವು. ಅಷ್ಟು ಫೋಟೋದಲ್ಲಿ ನಾನು ಇರುವುದು ಎರಡರಲ್ಲಿ. ಒಂದರಲ್ಲಿ ಬೆನ್ನು, ಒಂದರಲ್ಲಿ ಅರ್ಧ ಕಿವಿ.

ಈಗ ಹಾಡಿಗೆ ಬರುತ್ತೇನೆ. ಓದುವವರಿಗೆ ಹೇಳು, ಗಡಿಬಿಡಿ ಮಾಡದೆ ಓದಲಿ.

ಎಲ್ಲಕ್ಕೂ ಮೊದಲು ನೀವಿಬ್ಬರೂ ಕೂಸುಗಳಿದ್ದ ಫೋಟೋ. ಅದಕ್ಕೆ ತೊಟ್ಟಿಲ ಪದ. ನಿನಗೆ ಹೆಸರಿಟ್ಟ ದಿನ ನಾನೇ ಹಾಡಿದ್ದು. ಇಪ್ಪತ್ತೈದು ವರ್ಷದ ಕೆಳಗಿನ ಮಾತು. ನನ್ನ ಗಂಡ, ನಿನ್ನ ಮುತ್ಯಾ ಅಮಸಿದ್ದಪ್ಪ ಕುರಿ ಮಾರಿ ಒಂದು ಟೇಪ್ ರೆಕಾರ್ಡರ್ ತಂದಿದ್ದ, ಹೊಸ ಆಟದ ಸಾಮಾನು ಸಿಕ್ಕ ಹಾಗೆ ಗುಂಡಿ ಒತ್ತಿ ಎದುರಿಗೆ ಕೂತಿದ್ದ.

ಹೊಲದಾಗ ಬೇವೀನ ಟೊಂಗೀಗಿ ತೊಟ್ಟೀಲ
ಕುರಿಮರಿಯು ಬಂದು ತೂಗ್ಯಾವ | ನನ ಕೂಸು
ನಗತೈತಿ ಮುಗಿಲ ನೋಡೂತ

ಹಾಡು ಎರಡು ನಿಮಿಷ ಹತ್ತು ಸೆಕೆಂಡು. ಸಣ್ಣಂದಿನ ಫೋಟೋ ನಿನ್ನವು ಮೂವತ್ತೊಂದು, ನಿನ್ನ ಗಂಡನವು ಎರಡೇ ಎರಡು. ಬೀಗರ ಮನೆಯಲ್ಲಿ ಮಗನ ಫೋಟೋ ತೆಗೆಸಲು ಏನು ಧಾಡಿಯಾಗಿತ್ತೋ. ಎರಡರಲ್ಲೊಂದರಲ್ಲಿ ಅವನು ಮುಧೋಳದ ನಾಯಿಯ ಕೊರಳು ಅಪ್ಪಿಕೊಂಡು ನಿಂತಿದ್ದಾನೆ, ನಾಯಿಯ ಮುಖ ಸ್ವಚ್ಛ ಬಂದಿದೆ, ಅವನದು ಮಸುಕು. ಜ್ಞಾನೇಶ್ವರ ಲೆಕ್ಕ ಹಾಕಿದ. ನಿನ್ನವುಗಳಲ್ಲಿ ಹದಿನೆಂಟೇ ಸಾಕು, ಒಂದೊಂದಕ್ಕೆ ಐದು ಸೆಕೆಂಡು. ಅವನ ಎರಡಕ್ಕೆ ಇಪ್ಪತ್ತಿಪ್ಪತ್ತು. ನಿಂತ ಫೋಟೋವನ್ನು ಇಪ್ಪತ್ತು ಸೆಕೆಂಡು ನೋಡಿದರೆ ಮಂದಿ ಆಕಳಿಸುತ್ತಾರೆ ಅಂತ, ನಾಯಿಯ ಬಾಲದಿಂದ ಶುರು ಮಾಡಿ ಸಾವಕಾಶ ಅವನ ಮುಖದ ತನಕ ಸರಿಯುವ ಹಾಗೆ ಮಾಡಿದ್ದಾನೆ. ನಿಮ್ಮ ಹಳೆಯ ಫೋಟೋಗಳು ಉದ್ದುದ್ದ, ಪರದೆ ಅಡ್ಡಡ್ಡ. ಎರಡೂ ಕಡೆ ಕರಿ ಪಟ್ಟಿ ಉಳಿಯುತ್ತದೆ. ಅಲ್ಲಿ ಅದೇ ಫೋಟೋವನ್ನು ದೊಡ್ಡದು ಮಾಡಿ ಮಸುಕಾಗಿ ಹಿಂದೆ ಹಾಸಿದ್ದಾನೆ. "ಕರೀದು ಕಾಣಬಾರದು, ಶುಭಕಾರ್ಯ" ಅಂದೆ. ಅವನು ನಕ್ಕ. ನಾನು ನಗಲಿಲ್ಲ. ನಿಮ್ಮ ಹತ್ತಿರ ಶುಭ ಅಶುಭ ಕಲಿತವಳು ನಾನು.

ಎರಡನೆಯದು ನೀವು ಒಬ್ಬರನ್ನೊಬ್ಬರು ಕಂಡ ಕಥೆ. ಸಕ್ಕರೆ ಕಾರ್ಖಾನೆಯ ಲ್ಯಾಬಿಗೆ ನೀನು ಆರು ವಾರ ಕಾಲೇಜಿನ ಕೆಲಸಕ್ಕೆ ಹೋದದ್ದು, ಅಲ್ಲೇ ನೌಕರಿಯಲ್ಲಿದ್ದ ಅವನು ಕಬ್ಬಿನ ಹಾಲು ತಂದುಕೊಟ್ಟ ಗಾಜಿನ ನಳಿಗೆ ತೊಳೆದಿಲ್ಲ ಅಂತ ಮೊದಲ ದಿನವೇ ನೀನು ಜಗಳ ತೆಗೆದದ್ದು, ಮರುದಿನ ಅವನು ಎಲ್ಲ ನಳಿಗೆ ಎರಡೆರಡು ಸಲ ತೊಳೆದು ಸಾಲಾಗಿ ನಿಲ್ಲಿಸಿದ್ದು. ಆ ನಳಿಗೆಯ ಸಾಲಿನ ಫೋಟೋ ಕೂಡ ಇದೆ. ಇದಕ್ಕೆ ನೀನು ಸಿನಿಮಾ ಹಾಡು ಬೇಕು ಅಂದಿದ್ದೆ. ಸಿನಿಮಾ ಹಾಡು ಹಾಕಿ ಇಂಟರ್‌ನೆಟ್ಟಿಗೆ ಏರಿಸಿದರೆ, ಹಾಡಿನ ಮಾಲೀಕರು ನಮ್ಮದು ಅಂತ ತಕರಾರು ಹಾಕುತ್ತಾರಂತೆ, ಆಮೇಲೆ ಫೋಟೋ ಓಡುತ್ತದೆ, ದನಿ ಬರುವುದಿಲ್ಲ. "ನಿಮ್ಮ ಹಾಡಿಗಿ ಯಾರೂ ತಕರಾರು ಹಾಕೂದಿಲ್ಲ ಆಯಿ" ಅಂದ ಜ್ಞಾನೇಶ್ವರ. ಹಾಕುವವರು ಬೇರೆ ಇದ್ದಾರೆ ಅಂತ ಅವನಿಗೇನು ಗೊತ್ತು.

ಅದಕ್ಕೆ ಬೀಸುವ ಪದ ಆರಿಸಿದೆ.

ಮ್ಯಾಲಿನ ಕಲ್ಲೀಗಿ ತಿರಗೂದ ಕೆಲಸವ
ಕೆಳಗೀನ ಕಲ್ಲು ಕದಲಬ್ಯಾಡ | ನಡುವೀನ
ಜ್ವಾಳವು ಹಿಟ್ಟಾಗಿ ಬರಬೇಕ

ಅರ್ಥ ನಾನು ಬಿಡಿಸುವುದಿಲ್ಲ. ನಿಮ್ಮಿಬ್ಬರಲ್ಲಿ ಮೇಲಿನ ಕಲ್ಲು ಯಾರು ಅಂತ ಈಗ ನೀನಿರುವ ಮುಧೋಳಕ್ಕೆಲ್ಲ ಗೊತ್ತಾಗಿರಬೇಕು. ಈ ಹಾಡಿನಲ್ಲಿ ಬೀಸುವ ಕಲ್ಲಿನ ಗರಗರ ಇದೆ. ನಿನ್ನ ಮುತ್ಯಾನ ಹಠ, ಕಲ್ಲಿಲ್ಲದೆ ಬೀಸುವ ಪದ ಎಂಥಾದ್ದು ಅಂತ ಹೆಸರಿಡುವ ದಿನ ನನ್ನ ಕೈಯಲ್ಲಿ ಗೂಟ ಹಿಡಿಸಿದ್ದ. ಜ್ಞಾನೇಶ್ವರ ಅದನ್ನು ಹಾಳು ಶಬ್ದ ಅಂದುಕೊಂಡು ಒರೆಸಿ ಕುಳಿತಿದ್ದ. ಕೇಳಿದರೆ ನನ್ನ ದನಿ ಡಬ್ಬಿಯೊಳಗಿನ ಇಲಿಯ ಹಾಗಾಗಿತ್ತು. "ಯಪ್ಪಾ, ನನ್ನ ಕಲ್ಲು ನನಗ ವಾಪಸ್ ಕೊಡು" ಅಂತ ಬೈದೆ. ತಿರುಗಿ ಹಾಕಿದ. ಹಾಕಿ ಸ್ವಲ್ಪ ಹೊತ್ತು ಕೇಳಿ ತಾನೇ ಕಣ್ಣರಳಿಸಿದ. ಕಲ್ಲು ಒಂದು ಸುತ್ತು ಬರಲು ಎರಡು ಸೆಕೆಂಡು. ಎರಡು ಸುತ್ತಿಗೆ ಒಂದು ಫೋಟೋ ಬದಲಾದರೆ ತಾಳಕ್ಕೆ ಸರಿಯಾಗಿ ಕೂಡುತ್ತದೆ. ಹಾಗೇ ಕೂಡಿಸಿದ. ಬೇರೆ ಮದುವೆಗಳಲ್ಲಿ ತಾನು ಡ್ರಮ್ಮಿನ ಪೆಟ್ಟು ನೋಡಿ ಕೂಡಿಸುತ್ತಿದ್ದನಂತೆ, ಇಷ್ಟು ಸರಿಯಾದ ತಾಳ ಸಿಕ್ಕಿರಲಿಲ್ಲವಂತೆ.

ಮೂರನೆಯದು ನಿಶ್ಚಯದ ಫೋಟೋ. ಸಕ್ಕರೆ ಹಂಚಿದ್ದು, ನಿನ್ನ ಅಪ್ಪ ಶಶಿಕಾಂತ ಬೀಗರನ್ನು ಅಪ್ಪಿಕೊಂಡದ್ದು, ಹಿರಿಯರೆಲ್ಲ ಕಂಬಳಿಯ ಮೇಲೆ ಕೂತದ್ದು. ಅದಕ್ಕೆ ಡೊಳ್ಳು. ಬಾರಿಸಿದವನು ನಿನ್ನ ಮುತ್ಯಾ. ಅವನು ಟೇಪಿನ ಬಾಯಿಗೇ ಡೊಳ್ಳು ಹಿಡಿದು ಬಾರಿಸಿದ್ದರಿಂದ ದನಿ ಒಡೆದಿದೆ, ಸರಿಯಿರುವುದು ನಲವತ್ತು ಸೆಕೆಂಡು. ಫೋಟೋ ಹತ್ತು ಸಾಕು ಅಂದೆ. ಡೊಳ್ಳು ನಿಂತ ಮೇಲೆ ಅವನ ದನಿ ಕೇಳುತ್ತದೆ, "ಹೂಂ, ನೀ ಹಾಡ ಇನ್ನ." ಆ ನಾಲ್ಕು ಮಾತನ್ನು ಕತ್ತರಿಸಬಾರದು ಅಂತ ಹೇಳಿದ್ದೇನೆ. ಅಲ್ಲಿ ಬೇರೆ ಯಾವ ಫೋಟೋನೂ ಬೇಡ, ನಿನ್ನ ಮುತ್ಯಾನದೊಂದು ಹಾಕು ಅಂದೆ. ಅವನಿಗೆ ಹನ್ನೆರಡು ವರ್ಷದಿಂದ ಮಾತಾಡಲು ಅವಕಾಶ ಸಿಕ್ಕಿಲ್ಲ.

ನಾಲ್ಕನೆಯದು ಮದುವೆ. ಅರಿಷಿಣ, ಅಕ್ಕಿಕಾಳು, ತಾಳಿ. ಇದಕ್ಕೆ ಸೋಬಾನ.

ಹಸರ ಬಳಿ ತೊಟ್ಟಾಳ ಹೊಸ್ತೀಲ ದಾಟ್ಯಾಳ
ಹಾಲುಕ್ಕಿ ಬರಲಿ ಮನಿಯಾಗ | ಸೋಬಾನ
ಜ್ವಾಳದ ರಾಶಿ ಬೆಳದಂಗ

ಇದು ಹೇಗೆ ಬಂತು ಅನ್ನುವುದನ್ನು ಓದುವವರು ಸಭೆಗೆ ಹೇಳುವುದು ಬೇಡ. ನಿನಗೆ ಕೆಳಗೆ ಬರೆದಿದ್ದೇನೆ. ಸಭೆಗೆ ಇಷ್ಟು ಸಾಕು. ಈ ಹಾಡು ನನ್ನ ಅತ್ತೆಯ ಹತ್ತಿರ ನಾನು ಕಲಿತದ್ದು. ಒಂಬತ್ತು ನುಡಿ ಇದೆ, ನಮ್ಮ ಓಣಿಯಲ್ಲಿ ಒಂಬತ್ತೂ ಗೊತ್ತಿರುವವಳು ನಾನೊಬ್ಬಳೇ. ನಿನ್ನ ಮದುವೆಯ ದಿನ ಮುತ್ತೈದೆಯರು ಎರಡು ನುಡಿ ಹಾಡಿ, ಮೂರನೆಯದಕ್ಕೆ ಮೊಬೈಲಿನಲ್ಲಿ ಹುಡುಕಾಡಿ, ಸಿಗದೆ ಹೋಗಿ ಡೀಜೆಯವನಿಗೆ ಕೈ ಮಾಡಿದರು. ನಾನು ಅನ್ನದ ಕೋಣೆಯ ಬಾಗಿಲಲ್ಲಿ ನಿಂತು ಉಳಿದ ಏಳು ನುಡಿಯನ್ನು ಬಾಯೊಳಗೇ ಹಾಡಿ ಮುಗಿಸಿದೆ. ಇಪ್ಪತ್ತೇಳು ಫೋಟೋಕ್ಕೆ ನಾಲ್ಕು ನುಡಿ ಹಿಡಿಸಿವೆ. ನುಡಿಯ ನಡುವೆ ಕತ್ತರಿಸಬಾರದು ಅಂತ ಹೇಳಿ ತಾಳಿಯ ಫೋಟೋ ನಾಲ್ಕನೇ ನುಡಿಯ ಕೊನೆಗೆ ಬರುವ ಹಾಗೆ ಮಾಡಿಸಿದ್ದೇನೆ.

ಐದನೆಯದು ನಿನ್ನನ್ನು ಒಪ್ಪಿಸಿದ್ದು. ನಿನ್ನ ಅವ್ವ ಅತ್ತದ್ದು, ನೀನು ಕಾರಿನ ಕಿಟಕಿಯಲ್ಲಿ ಮುಖ ಮುಚ್ಚಿಕೊಂಡದ್ದು. ಇದಕ್ಕೆ ಹಾಡಿಲ್ಲ. ಆರು ಫೋಟೋ, ಅದರ ಮೇಲೆ ವಿಡಿಯೋದಿಂದ ತೆಗೆದ ಕಾರಿನ ಶಬ್ದ, ಮಂದಿಯ ಗದ್ದಲ, ಅಷ್ಟೇ. ಹೆಣ್ಣು ಒಪ್ಪಿಸುವ ಪದ ನನಗೆ ಬರುವುದಿಲ್ಲ ಅಂತಲ್ಲ. ನಿನ್ನ ಗಂಡನ ದೊಡ್ಡವ್ವ ಶಿವವ್ವ ಆರತಕ್ಷತೆಯ ಹಾಡಿನ ಮಾತು ಬಂದ ದಿನ ನಮ್ಮ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಏನಂದಳು, ನಿನಗೆ ನೆನಪಿದೆಯಲ್ಲ? "ಸೋಬಾನ ಬ್ಯಾಡ್ರಿ, ಗಂಡ ಇಲ್ಲದಾಕಿ ದನಿ ಹೊಸಾ ಜೋಡಿಗಿ ಛಲೋ ಅಲ್ಲ. ಅಳೂ ಪದ ಬೇಕಾದ್ರ ಹಾಡ್ಲಿ." ಅಳುವುದಕ್ಕೆ ಮಾತ್ರ ನನ್ನ ಗಂಟಲು ಬೇಕೇನು? ನಾನು ಹಾಡುವುದಿಲ್ಲ. ಮೈಕಿನಲ್ಲಿ ಇದನ್ನು ಓದಿಸುತ್ತೀಯೋ ಬಿಡುತ್ತೀಯೋ ನಿನಗೆ ಬಿಟ್ಟದ್ದು.

ಇನ್ನು ಕೆಲಸದ ಮಾತು. ಈ ಕಾಗದದ ಜೊತೆ ಗೂಳಪ್ಪನ ಕೈಯಲ್ಲಿ ಪೆನ್ ಡ್ರೈವ್ ಕಳಿಸಿದ್ದೇನೆ. ಅವನು ನಾಳೆ ಹಾಲಿನ ಗಾಡಿಯಲ್ಲಿ ಮುಧೋಳಕ್ಕೆ ಬರುತ್ತಾನೆ. ಭಾನುವಾರದ ತನಕ ಕಾಯಬೇಡ, ಶನಿವಾರವೇ ಕಲ್ಯಾಣ ಮಂಟಪದ ದೊಡ್ಡ ಪರದೆಗೆ ಚುಚ್ಚಿ ಒಮ್ಮೆ ಪೂರ್ತಿ ಓಡಿಸಿ ನೋಡು. ಕೆಲವು ಪರದೆಯಲ್ಲಿ ಚಿತ್ರ ಬರುತ್ತದೆ, ದನಿ ಬರುವುದಿಲ್ಲವಂತೆ. ದನಿಯ ವೈರು ಬೇರೆ, ಅದನ್ನು ಡೀಜೆಯವನ ಪೆಟ್ಟಿಗೆಗೆ ಕೊಡಿಸಬೇಕು. ಡೀಜೆಯವನು ಗುಡುಗುಡು ಹೆಚ್ಚು ಮಾಡಿದರೆ ಕೈ ಮುರಿಯುತ್ತೇನೆ ಅಂತ ಹೇಳು. ಹಳೆಯ ದನಿ, ತಡೆಯುವುದಿಲ್ಲ.

ಕಬ್ಬಿನ ಹಂಗಾಮು ಮುಗಿಯಲಿ, ಕಾರ್ಖಾನೆಯಲ್ಲಿ ರಜೆ ಸಿಗಲಿ ಅಂತ ಮೂರು ವಾರ ಆರತಕ್ಷತೆ ಮುಂದೆ ಹಾಕಿದಿರಿ, ಒಳ್ಳೆಯದೇ ಆಯಿತು. ನಿನ್ನ ಗಂಡ ಕೆಟ್ಟವನಲ್ಲ. ನಳಿಗೆ ತೊಳೆಯಲು ಕಲಿತವನು ಉಳಿದದ್ದನ್ನೂ ಕಲಿಯುತ್ತಾನೆ. ನಿನ್ನ ಹೊಟ್ಟೆ ತಣ್ಣಗಿರಲಿ, ನಿನ್ನ ಒಲೆ ಆರದಿರಲಿ, ನಿನ್ನ ಬಾಯಿಗೆ ಯಾರೂ ಬೀಗ ಹಾಕದಿರಲಿ.

ನಿನ್ನ ಆಯಿ,
ಸೋಮವ್ವ

ತಾ.ಕ. ಇಲ್ಲಿಂದ ಕೆಳಗಿನದು ನಿನಗೊಬ್ಬಳಿಗೆ.

ಜ್ಞಾನೇಶ್ವರ ಮೊದಲ ದಿನ ಮಷೀನಿನ ಮೂತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಒಂದು ವೈರು ಕಂಪ್ಯೂಟರಿಗೆ ಸಿಕ್ಕಿಸಿ, ಕ್ಯಾಸೆಟ್ ಹಾಕಿದ. ಅರ್ಧ ತಾಸಿನ ಹಾಡು ಇಳಿಸಲು ಅರ್ಧ ತಾಸೇ ಬೇಕು, ಅದರಲ್ಲಿ ಅವಸರ ನಡೆಯುವುದಿಲ್ಲ. ಒಂದು ಬದಿ ಇಳಿಯಿತು. ತೊಟ್ಟಿಲ ಪದ, ಬೀಸುವ ಪದ, ಡೊಳ್ಳು ಎಲ್ಲ ಆ ಬದಿಯವು. ಮಗ್ಗಲು ಬದಲಿಸಿ ಹಾಕಿದ. ಸೋಬಾನ ಇನ್ನೇನು ಶುರುವಾಗಬೇಕು, ಮಷೀನು ಕರ್ ಅಂದಿತು. ಅದರ ಬಾಗಿಲು ತೆಗೆದರೆ ಟೇಪಿನ ಪಟ್ಟಿ ಶಾವಿಗೆಯ ಹಾಗೆ ಹೊರಗೆ ಬಿದ್ದಿತ್ತು. ಬೂಷ್ಟು ಹಿಡಿದು ಅಂಟಿಕೊಂಡಿತ್ತಂತೆ. ಪೆನ್ಸಿಲ್ ಹಾಕಿ ಸುತ್ತಿದ, ಮಡಿಕೆ ಬಿದ್ದಲ್ಲಿ ಉಗುರಿನಿಂದ ನೀವಿದ, ತಿರುಗಿ ಹಾಕಿದ. ಕೇಳಿದ್ದು ನನ್ನ ದನಿಯಲ್ಲ, ನೀರಲ್ಲಿ ಮುಳುಗುವವಳ ದನಿ. ಎರಡನೇ ಸಲಕ್ಕೆ ಪಟ್ಟಿ ಹರಿದೇ ಹೋಯಿತು.

"ಆಯಿ, ಇದು ಮುಗೀತು" ಅಂದ. ಆಮೇಲೆ, "ಹಾಡು ನಿಮಗ ಬರತೈತಲ್ಲ, ಈಗ ಹಾಡಬಿಡ್ರಿ. ಅದಕ್ಯಾಕ ಕ್ಯಾಸೆಟ್?" ಅಂದ.

ಅವನಿಗೆ ಹೇಳಬೇಕಾಯಿತು. ಗಂಡ ಸತ್ತವಳು ಸೋಬಾನ ಹಾಡಬಾರದು, ಆದರೆ ಕ್ಯಾಸೆಟ್ಟಿನಲ್ಲಿ ಹಾಡಿದಾಗ ಗಂಡ ಬದುಕಿದ್ದ, ಹಾಗಾಗಿ ಕ್ಯಾಸೆಟ್ಟಿನ ಸೋಮವ್ವ ಮುತ್ತೈದೆ, ನಾನಲ್ಲ ಅಂತ. ಹೇಳುತ್ತ ಹೇಳುತ್ತ ನನಗೇ ನಾಚಿಕೆಯಾಯಿತು. ಆ ಹೆಣ್ಣಿಗೂ ನನಗೂ ಒಂದೇ ಹೆಸರು, ಒಂದೇ ಗಂಟಲು. ಅವಳನ್ನು ಪಡಸಾಲೆಗೆ ಕರೆದು ಕೂಡಿಸಿ, ನನ್ನನ್ನು ಅನ್ನದ ಕೋಣೆಯ ಬಾಗಿಲಿಗೆ ನಿಲ್ಲಿಸಿದ್ದೀರಿ.

ಮೂರನೇ ಸಲ ಹೋದಾಗ ಹಾಡಿದೆ. ಬನಹಟ್ಟಿಯಲ್ಲಿ ಸುಮ್ಮನಿರುವ ಜಾಗ ಎಲ್ಲಿದೆ? ಎಡಗಡೆ ಮನೆಯಲ್ಲಿ ನಾಲ್ಕು ಮಗ್ಗ, ಬಲಗಡೆ ಆರು ಮಗ್ಗ, ಗೋಡೆಯೇ ನಡುಗುತ್ತದೆ. ಫ್ಯಾನು ಬಂದ್ ಮಾಡಿ, ಕಿಟಕಿಗೆ ಕೌದಿ ಕಟ್ಟಿದರೂ ಖಟಖಟ ಒಳಗೆ ಬರುತ್ತಿತ್ತು. "ಮೂರಕ್ಕ ಕರೆಂಟ್ ತಗೀತಾರ, ತಡೀರಿ" ಅಂದ. ಕಾದೆವು. ಮೂರಕ್ಕೆ ಕರೆಂಟು ಹೋಯಿತು, ಓಣಿಯ ಮಗ್ಗಗಳೆಲ್ಲ ಒಮ್ಮೆಗೇ ನಿಂತವು. ಕಂಪ್ಯೂಟರೂ ನಿಂತಿತು. ಮೊಬೈಲನ್ನು ಒಂದು ಗೇಣು ದೂರ ಹಿಡಿದು, "ಹೂಂ" ಅಂದ. ಅಷ್ಟೇ ಸಾಕಾಯಿತು ನನಗೆ. ಒಂಬತ್ತೂ ನುಡಿ ಹಾಡಿದೆ. ಐದನೆಯದರಲ್ಲಿ ದನಿ ಒಡೆಯಿತು, ಹಾಗೇ ಬಿಟ್ಟಿದ್ದೇನೆ, ಮೊದಲ ನಾಲ್ಕನ್ನೇ ಅವನು ತೆಗೆದುಕೊಂಡ.

ಕರೆಂಟು ಬಂದ ಮೇಲೆ ಅವನು ಒಂದು ಉಪಾಯ ಹೇಳಿದ. "ಉಳಿದ ಹಾಡಿನ್ಯಾಗ ಕ್ಯಾಸೆಟ್ಟಿನ ಸರಸರ ಐತಿ. ಇದಕ್ಕೂ ಅದನ್ನ ಬೆರಸ್ತೇನಿ. ಯಾರಿಗೂ ಗೊತ್ತಾಗೂದಿಲ್ಲ, ಇದೂ ಹಳೇದ ಅಂತಾರ." ನಾನು ಹೂಂ ಅಂದೆ. ಬೆರೆಸಿ ಕೇಳಿಸಿದ. ಖರೆ ಹೇಳುತ್ತೇನೆ, ನನಗೇ ಗೊತ್ತಾಗಲಿಲ್ಲ. ಬಸ್ ಸ್ಟ್ಯಾಂಡಿನ ತನಕ ಹೋದವಳು ತಿರುಗಿ ಬಂದೆ. "ತೆಗೆ ಅದನ್ನ" ಅಂದೆ. ತೆಗೆದ. ಪೆನ್ ಡ್ರೈವಿನಲ್ಲಿರುವುದು ಸರಸರ ಇಲ್ಲದ್ದು, ಕಳೆದ ಗುರುವಾರ ಹಾಡಿದ್ದು, ಎಪ್ಪತ್ಮೂರು ವರ್ಷದ ರಂಡೆ ಹಾಡಿದ್ದು.

ಶಿವವ್ವನ ಮಾತು ನನಗೆ ನಾಟಿಲ್ಲ ರಂಜವ್ವ. ಅಂಥ ಮಾತು ಹನ್ನೆರಡು ವರ್ಷ ಕೇಳಿದ್ದೇನೆ, ಚರ್ಮ ದಪ್ಪಾಗಿದೆ. ಅವಳು ಅಂದ ಮೇಲೆ ಪಡಸಾಲೆಯಲ್ಲಿ ಎಲ್ಲರೂ ನೆಲ ನೋಡಿದರು. ನಾನು ನಿನ್ನ ಮುಖ ನೋಡಿದೆ. ಈಕೆ ಕಲಿತವಳು, ಲ್ಯಾಬಿನಲ್ಲಿ ಒಂದು ಹೊಲಸು ನಳಿಗೆಗೆ ಗಂಡಸರ ಎದುರು ಜಗಳ ತೆಗೆದವಳು, ಈಗ ಬಾಯಿ ಬಿಡುತ್ತಾಳೆ ಅಂದುಕೊಂಡೆ. ನೀನು ಬಾಯಿ ಬಿಟ್ಟೆ. "ಹಂಗಾದ್ರ ಹಳೇ ಕ್ಯಾಸೆಟ್ ಹಾಕೂಣು, ಆಗ ಮುತ್ಯಾ ಇದ್ದನಲ್ಲ!" ಅಂದೆ. ಎಲ್ಲರೂ ನಕ್ಕರು. ಎಂಥ ಶಾಣ್ಯಾ ಹುಡುಗಿ ಅಂತ ಶಿವವ್ವ ನಿನ್ನ ಗಲ್ಲ ಸವರಿದಳು. ನಾನೂ ನಕ್ಕೆ. ಹನ್ನೆರಡು ವರ್ಷದಲ್ಲಿ ಅವತ್ತು ನಾನು ರಂಡೆಯಾದೆ.

ಭಾನುವಾರ ಆ ಇಪ್ಪತ್ತೇಳು ಫೋಟೋ ಬಂದಾಗ ಶಿವವ್ವ ಕೇಳೇ ಕೇಳುತ್ತಾಳೆ, ಇದು ಯಾವಾಗ ಹಾಡಿದ್ದು ಅಂತ. ನಿನಗೆ ಎದ್ದು ನಿಂತು ಕಳೆದ ಗುರುವಾರ ಅಂತ ಹೇಳುವ ಧೈರ್ಯ ಇದ್ದರೆ ಹಾಡು ಇರಲಿ. ಇಲ್ಲದಿದ್ದರೆ ಶನಿವಾರವೇ ಜ್ಞಾನೇಶ್ವರನಿಗೆ ಫೋನು ಮಾಡಿ ತೆಗೆಸಿಬಿಡು. ಐದು ನಿಮಿಷದ ಕೆಲಸ, ಫೋಟೋಗಳು ಹಾಡಿಲ್ಲದೆಯೂ ಓಡುತ್ತವೆ. ನನಗೆ ಸಿಟ್ಟು ಬರುವುದಿಲ್ಲ.

ಆದರೆ ಸುಳ್ಳು ಹೇಳಿ ನನ್ನನ್ನು ಮುತ್ತೈದೆ ಮಾಡಬೇಡ.